ಇನ್ನೊಬ್ಬರ ಗೇಟಿನ ಮೇಲೆ ಜೋಡಿಗಿಳಿ

ದರ್ಜಿಗಳು ದಪ್ಪ ಬಟ್ಟೆ ಕತ್ತರಿಸಲು ಬಳಸುವ ಉದ್ದಲಗಿನ ಕತ್ತರಿಗಳನ್ನು ಅವಳು ಮಾಡುತ್ತಿದ್ದಳು. ಅಪ್ಪನಿಂದ ಬಂದ ಕೆಲಸ, ಅಪ್ಪನಿಂದ ಬಂದ ಶೆಡ್ಡು, ಕತ್ತರಿಗೆ ಅಪ್ಪನೇ ಇಟ್ಟ ಹೆಸರು: ಜೋಡಿಗಿಳಿ. ಪೇಟೆಯವರ ಬಾಯಲ್ಲಿ ಅವಳು ಕತ್ತರಿ ಅಕ್ಕ. ಮದುವೆಯಾಗಿದ್ದಳು, ಗಂಡ ತೀರಿಕೊಂಡಿದ್ದ, ಮಗಳು ಬೇರೆ ಊರಲ್ಲಿ ಸಂಸಾರ ಹೂಡಿದ್ದಳು. ಈಗ ಶೆಡ್ಡಿನಲ್ಲಿ ಲೆಕ್ಕ, ಓಡಾಟ ನೋಡಿಕೊಳ್ಳುವ ತಮ್ಮ, ಸಾಣೆ ಹಿಡಿಯುವ ಮುದುಕ, ಕುಲುಮೆಯ ಹತ್ತಿರ ಒಂದಿಷ್ಟು ಜನ. ಇಷ್ಟೇ ಅವಳ ಪ್ರಪಂಚ. ಸಾಣೆಯ ಮುದುಕನನ್ನು ಚಿಕ್ಕಂದಿನಿಂದ ಮಾವ ಎಂದು ಕರೆದು ಅಭ್ಯಾಸ, ಹಾಗಾಗಿ ಎಲ್ಲರಿಗೂ ಅವನು ಸಾಣೆ ಮಾವ.

ಅವಳಿಗೆ ಬೇಗ ಅಸಹ್ಯವಾಗುತ್ತಿತ್ತು. ಇದು ಎಲ್ಲರಿಗೂ ಗೊತ್ತಿದ್ದ ವಿಷಯ. ಲೋಟದ ಅಂಚಿನಲ್ಲಿ ಯಾರದೋ ತುಟಿಯ ಗುರುತು ಕಂಡರೆ ಆ ದಿನ ಚಹಾ ಬಿಡುತ್ತಿದ್ದಳು. ಯಾರಾದರೂ ಹಲ್ಲು ಗಿಂಜುತ್ತ ಮಾತು ಶುರು ಮಾಡಿದರೆ ಎದ್ದು ಹೋಗುತ್ತಿದ್ದಳು. "ಅಕ್ಕನಿಗೆ ಮೂಗು ಒಂದು ಸುತ್ತು ದೊಡ್ಡದು" ಎಂದು ತಮ್ಮ ನಗುತ್ತಿದ್ದ. ಇಂಥವಳನ್ನು ವ್ಯಾಪಾರ ಮೇಳಕ್ಕೆ ಕರೆದುಕೊಂಡು ಹೋದವನೂ ಅವನೇ.

ಕಾರಣ ಇತ್ತು. ಊರಿನ ಅಂಗಡಿಗಳಲ್ಲಿ ಹೊರಗಿನಿಂದ ಬಂದ ಅಗ್ಗದ ಕತ್ತರಿಗಳು ರಾಶಿ ಬಿದ್ದಿದ್ದವು. ತಗಡು ಬಾಗಿಸಿ ಪ್ಲಾಸ್ಟಿಕ್ ಹಿಡಿ ಹಾಕಿದ ಮಾಲು. ದರ್ಜಿಗಳು ಬೈಯುತ್ತಲೇ ಅದನ್ನು ಕೊಳ್ಳುತ್ತಿದ್ದರು. ಜೋಡಿಗಿಳಿ ಕೇಳುವವರು ಕಡಿಮೆಯಾದರು.

"ಇಲ್ಲೇ ಕೂತ್ರೆ ತುಕ್ಕು ಹಿಡಿಯೋದು ನಾವೇ ಅಕ್ಕಾ" ಎಂದ ತಮ್ಮ. "ಮೇಳಕ್ಕೆ ಹೋಗೋಣ. ಬೇರೆ ಊರಿನ ಡಿಸ್ಟ್ರಿಬ್ಯೂಟರ್ಸ್ ಬರ್ತಾರೆ, ಹೊರದೇಶದ ಕೊಳ್ಳೋರು ಬರ್ತಾರೆ. ಒಂದು ಸ್ಟಾಲ್ ತಗೊಳ್ಳೋಣ. ಬಾಡಿಗೇಲಿ ಸ್ವಲ್ಪ ಭಾಗ ಸಣ್ಣ ಉದ್ಯಮದವರ ಸಂಘದಿಂದ ವಾಪಸ್ ಬರತ್ತೆ."

"ಬಂದೋರು ಏನು ಮಾಡ್ತಾರೆ?"

"ನೋಡ್ತಾರೆ. ಮಾತಾಡ್ತಾರೆ. ಕಾರ್ಡ್ ಕೊಡ್ತಾರೆ."

"ಅಷ್ಟಕ್ಕೆ ಅಷ್ಟು ದೂರ ಹೋಗ್ಬೇಕಾ?" ಎಂದಳು. ಆದರೆ ಹೋದಳು.

ಮೇಳದ ಸಭಾಂಗಣಕ್ಕೆ ಕಾಲಿಟ್ಟ ಕೂಡಲೇ ಹೊಸ ಕಾರ್ಪೆಟ್ಟಿನ ಅಂಟಿನ ವಾಸನೆ ಅವಳ ಗಂಟಲಿಗೆ ಇಳಿಯಿತು. ಮೂಲೆಯ ಸ್ಟಾಲಿಗೆ ಎರಡು ಕಡೆಯಿಂದ ಜನ ಬರುತ್ತಾರೆ, ಬಾಡಿಗೆಯೂ ಹೆಚ್ಚು. ಇವರಿಗೆ ಸಿಕ್ಕಿದ್ದು ಸಾಲಿನ ನಡುವಿನದು, ಬಿಳಿ ಹಲಗೆಯ ಮೂರು ಗೋಡೆ, ಒಂದು ಮೇಜು, ಎರಡು ಕುರ್ಚಿ, ತಲೆಯ ಮೇಲೆ ಹೆಸರಿನ ಪಟ್ಟಿ. ಪಟ್ಟಿಯ ಮೇಲೆ 'ಜೋಡಿಗಿಳಿ' ಹೋಗಿ 'ಜೋಡಿಗಳಿ' ಆಗಿತ್ತು. ಸಂಘಟಕರ ಕಚೇರಿಗೆ ಹೋಗಿ ಹೇಳಿದರೆ ಅಲ್ಲಿದ್ದವನು ಮೊಬೈಲಿನಿಂದ ಕಣ್ಣೆತ್ತದೆ, "ಯಾರು ಓದ್ತಾರೆ ಬಿಡಿ ಮೇಡಂ" ಎಂದ. ಅವಳು ಕುರ್ಚಿ ಹತ್ತಿ ಕಪ್ಪು ಪೆನ್ನಿನಿಂದ ತಾನೇ ಗುಡಿಸು ಹಾಕಿದಳು.

ಜನ ಬಂದರು. ಮೊದಲು ಬಂದವರೆಲ್ಲ ಚೀಲ ತುಂಬಿಕೊಳ್ಳುವವರು. ಬಿಟ್ಟಿ ಪೆನ್ನು, ಬಿಟ್ಟಿ ಚೀಲ, ಬಿಟ್ಟಿ ಚಾಕಲೇಟು. ಕತ್ತರಿ ಏನು, ಪಂಪು ಏನು, ಅವರಿಗೆ ಎಲ್ಲವೂ ಒಂದೇ. ಆಮೇಲೆ ಬಂದ ಒಬ್ಬ ಗೌರವಸ್ಥ, ಕತ್ತರಿಯನ್ನು ತಿರುವಿ ತಿರುವಿ ನೋಡಿ, ತಿರುಪಿನ ಹತ್ತಿರ ಮೊಬೈಲ್ ಹಿಡಿದು ಚಿತ್ರ ತೆಗೆದ.

"ಯಾವ ಕಂಪನಿಯವರು ನೀವು?" ಎಂದು ಅವಳು ಕೇಳಿದಳು.

"ಸುಮ್ನೆ. ಆಸಕ್ತಿ" ಎಂದು ಮುಂದೆ ನಡೆದ. ಅವನು ಎದುರು ಸಾಲಿನ ಒಂದು ಕತ್ತರಿ ಸ್ಟಾಲಿನೊಳಕ್ಕೆ ಹೋಗಿ ಕುಳಿತದ್ದನ್ನು ಅವಳು ನೋಡಿದಳು.

ಮಧ್ಯಾಹ್ನ ಕೈ ತೊಳೆಯಲು ಹೋದಾಗ ಬಾಗಿಲ ಪಕ್ಕದ ಕಸದ ಡಬ್ಬಿಯ ತುಂಬ ತಮ್ಮದೇ ಕರಪತ್ರಗಳು. ಒಂದರಲ್ಲಿ ಯಾರೋ ಎಣ್ಣೆ ಕೈ ಒರೆಸಿದ್ದರು. ಜೋಡಿ ಗಿಳಿಗಳ ಚಿತ್ರದ ಮೇಲೆ ಹಳದಿ ಬೆರಳುಗುರುತು. ಬರಿಗೈಯಲ್ಲಿ ಡಬ್ಬಿಗೆ ಕೈ ಹಾಕುವ ಹಾಗಿಲ್ಲ, ಬಿಡುವುದಕ್ಕೂ ಮನಸ್ಸಿಲ್ಲ. ತಿರುಗಿ ಬಂದು ಸ್ಟಾಲಿನಲ್ಲಿ ಕುಳಿತಳು.

ಆ ಹೊತ್ತಿಗೆ ಮೇಜಿನ ಮುಂದೆ ಒಬ್ಬರು ದಪ್ಪನೆಯ ಮುದುಕರು ನಿಂತಿದ್ದರು. ನಗು ಇಲ್ಲ, ನಮಸ್ಕಾರ ಇಲ್ಲ. ಜೇಬಿನಿಂದ ಮಡಿಸಿದ ಬಟ್ಟೆ ತುಂಡು ತೆಗೆದು, ನಾಲ್ಕು ಪದರ ಮಾಡಿ, ಕತ್ತರಿಯ ತುದಿಯಲ್ಲಿ ಕಚ್ಚಿಸಿದರು. ನೂಲು, ಗುಂಡಿ, ಸೂಜಿಗಳನ್ನು ದರ್ಜಿ ಅಂಗಡಿಗಳಿಗೆ ಸರಬರಾಜು ಮಾಡುವ ವಿತರಕರು ಅವರು, ಹಡಗಿನಲ್ಲಿ ಹೊರದೇಶಕ್ಕೂ ಕಳಿಸುತ್ತಾರೆ ಎಂದು ಅವರ ಕಾರ್ಡು ಹೇಳುತ್ತಿತ್ತು.

"ಕತ್ತರಿ ಪರವಾಗಿಲ್ಲ. ಡಬ್ಬಿ ದರಿದ್ರ" ಎಂದರು. "ಈ ರಟ್ಟು ತೇವ ಹೀರತ್ತೆ. ಗೋದಾಮಲ್ಲಿ ಎರಡು ತಿಂಗಳು ಇಟ್ರೆ ಅಲಗಿಗೆ ತುಕ್ಕು. ಯಾರಮ್ಮಾ ನಿಂಗೆ ಇದನ್ನ ಹೇಳ್ಕೊಟ್ಟಿದ್ದು?"

"ಅಪ್ಪನ ಕಾಲದಿಂದ ಇದೇ ಡಬ್ಬಿ."

"ಹಾಗಾದ್ರೆ ಅಪ್ಪನ ಕಾಲದಲ್ಲೂ ದರಿದ್ರವೇ" ಎಂದು ಬಟ್ಟೆ ಮಡಿಸಿ ಹೊರಟುಹೋದರು.

ಆ ದಿನ ಅವಳಿಗೆ ಎಲ್ಲರಿಗಿಂತ ಹೆಚ್ಚು ಅಸಹ್ಯ ಹುಟ್ಟಿದ್ದು ಆ ಮುದುಕರ ಮೇಲೆ. ಎಲ್ಲರಿಗಿಂತ ಹೆಚ್ಚು ಹಿಡಿಸಿದವನು ಸಾಯಂಕಾಲ ಬಂದ ನಗುಮುಖದವನು. ಹೊರದೇಶದ ಕಂಪನಿಗಳ ಪರವಾಗಿ ಇಲ್ಲಿ ಮಾಲು ಹುಡುಕಿ ಕೊಡುವ ಏಜೆಂಟ್. ಮೃದುವಾದ ಮಾತು, ಇಸ್ತ್ರಿಯ ಅಂಗಿ, ಕುರ್ಚಿ ಎಳೆದುಕೊಳ್ಳುವ ಮುನ್ನ "ಕೂರಬಹುದಾ?" ಎಂಬ ಪ್ರಶ್ನೆ. ಮಾರನೆಯ ದಿನ ಕೊಳ್ಳುವವರು ಮತ್ತು ಮಾಡುವವರ ಭೇಟಿ ಎಂದು ಪ್ರತ್ಯೇಕ ಕೋಣೆಯಲ್ಲಿ ಏರ್ಪಾಟಿತ್ತು. ಸಾಲು ಮೇಜುಗಳು, ಒಬ್ಬೊಬ್ಬರಿಗೂ ಒಂದಿಷ್ಟು ನಿಮಿಷ, ಗಂಟೆ ಹೊಡೆದರೆ ಎದ್ದು ಮುಂದಿನ ಮೇಜು. ಅಲ್ಲಿ ಅವನು ಅವಳನ್ನು ಒಬ್ಬ ಹೊರದೇಶದ ಖರೀದಿದಾರನ ಎದುರು ಕೂರಿಸಿದ. ಬಿಳಿ ಗಡ್ಡದ, ಸುಸ್ತಾದ ಕಣ್ಣಿನ ಮನುಷ್ಯ. ತಿಂಗಳಿಗೆ ಎಷ್ಟು ಜೊತೆ ಮಾಡುತ್ತೀರಿ, ಬಂದರಿನಲ್ಲಿ ಹಡಗಿಗೆ ಏರಿಸುವವರೆಗಿನ ದರ ಎಷ್ಟು, ಒಂದೇ ಆರ್ಡರಿಗೆ ಕನಿಷ್ಠ ಎಷ್ಟು ತೆಗೆದುಕೊಳ್ಳಬೇಕು, ಹೀಗೆ ಕೇಳಿದ. ಉತ್ತರ ಹೇಳಿದ್ದು ತಮ್ಮ. ಎರಡು ಕತ್ತರಿಗಳನ್ನು ಮಾದರಿಗೆಂದು ಇಟ್ಟುಕೊಂಡರು.

ತಿಂಗಳಾದ ಮೇಲೆ ನಗುಮುಖದವನ ಫೋನು ಬಂತು. ಮಾದರಿ ಒಪ್ಪಿಗೆಯಾಗಿದೆ, ಹಿಡಿಯ ಬಣ್ಣ ಮಾತ್ರ ಬದಲಾಗಬೇಕು, ಖರೀದಿದಾರರೇ ಬಂದು ಕಾರ್ಖಾನೆ ನೋಡುತ್ತಾರೆ, ನೋಡಿ ವರದಿ ಕಳಿಸಿದ ಮೇಲೆ ಮೊದಲ ಆರ್ಡರ್. ಶೆಡ್ಡಿನಲ್ಲಿ ಎಲ್ಲರಿಗೂ ಚಹಾ ಬಂತು. ಸಾಣೆ ಮಾವ ಕೆಮ್ಮುತ್ತಲೇ ಎರಡು ಲೋಟ ಕುಡಿದ.

ಖರೀದಿದಾರ ಬರುವ ಮುನ್ನ ನಗುಮುಖದವನು ಒಮ್ಮೆ ಶೆಡ್ಡು ನೋಡಲು ಬಂದ. ಒಳಗೆ ಒಂದು ಸುತ್ತು ಹಾಕಿ, ಬೂಟಿನ ತುದಿ ಒರೆಸಿಕೊಂಡು, ತಮ್ಮನನ್ನು ಹೊರಗೆ ಕರೆದುಕೊಂಡು ಹೋಗಿ ಮಾತಾಡಿದ. ಏನು ಮಾತು ಎಂದು ಅವಳು ಕೇಳಿದಾಗ ತಮ್ಮ, "ಏನಿಲ್ಲ, ಸ್ವಲ್ಪ ಸುಣ್ಣ ಬಣ್ಣ ಅಂದ್ರು" ಎಂದ. ಅವಳು ಶೆಡ್ಡಿಗೆ ಸುಣ್ಣ ಹೊಡೆಸಿದಳು. ಕಿಟಕಿ ಗಾಜು ತಾನೇ ಒರೆಸಿದಳು.

ಭೇಟಿಯ ದಿನ ಬೆಳಿಗ್ಗೆ ಕಾರು ತಂದದ್ದು ತಮ್ಮ. ಕಾರು ಶೆಡ್ಡಿನ ದಾರಿ ಬಿಟ್ಟು ಹೆದ್ದಾರಿ ಹತ್ತಿತು.

"ಎಲ್ಲಿಗೋ?"

"ಅಕ್ಕಾ, ಸಿಟ್ಟಾಗ್ಬೇಡ. ನಮ್ಮ ಶೆಡ್ಡು ನೋಡಿದ್ರೆ ಆರ್ಡರ್ ಹೋದ ಹಾಗೇ. ಸಾಣೆ ಧೂಳು ಎಳ್ಕೊಳ್ಳೋ ಮೆಷಿನ್ ಇಲ್ಲ, ಬೆಂಕಿ ಬಿದ್ರೆ ಹೊರಗೆ ಹೋಗೋಕೆ ಎರಡನೇ ಬಾಗಿಲಿಲ್ಲ. ಅವರ ಕಂಪನಿ ಒಪ್ಪಲ್ಲ. ಒಂದೇ ಒಂದು ದಿನದ ಮಟ್ಟಿಗೆ..."

ಮಾತು ಮುಗಿಯುವಷ್ಟರಲ್ಲಿ ಕಾರು ನಿಂತಿತ್ತು. ತೋಟದ ಗಿಡ ಕತ್ತರಿಸುವ ಕತ್ತರಿ ಮಾಡುವ ದೊಡ್ಡ ಕಾರ್ಖಾನೆ ಅದು. ಮೇಳದಲ್ಲಿ ಎದುರು ಸಾಲಿನಲ್ಲಿ ಸ್ಟಾಲ್ ಹಾಕಿದ್ದವರದು. ಅದರ ಕಬ್ಬಿಣದ ಗೇಟಿನ ಮೇಲೆ, ಅವರ ಹೆಸರನ್ನು ಮುಚ್ಚಿ, ಹೊಳೆಯುವ ಬಟ್ಟೆಯ ಬ್ಯಾನರು. ಅದರಲ್ಲಿ ಜೋಡಿಗಿಳಿ. ಅಪ್ಪ ಬರೆಸಿದ ಗಿಳಿಗಳೇ, ಆದರೆ ಊದಿಕೊಂಡ ಹಾಗೆ, ಆಳೆತ್ತರ.

ಅವಳು ಕಾರಿನಿಂದ ಇಳಿಯಲಿಲ್ಲ. ಅಷ್ಟರಲ್ಲಿ ನಗುಮುಖದವನು ಬಾಗಿಲು ತೆರೆದು ನಿಂತಿದ್ದ, ಅವನ ಹಿಂದೆ ಬಿಳಿ ಗಡ್ಡದವನು. ಜನರೆದುರು ತಮ್ಮನ ಮಾನ ತೆಗೆಯುವುದು ಹೇಗೆ? ಇಳಿದಳು.

ಒಳಗೆ ಅವಳನ್ನು ಯಜಮಾನಿತಿಯಂತೆ ಮುಂದೆ ಬಿಟ್ಟರು. ಯಾವ ಬಾಗಿಲು ಎಲ್ಲಿಗೆ ತೆರೆಯುತ್ತದೆ ಎಂದು ಅವಳಿಗೆ ಗೊತ್ತಿಲ್ಲ. ಕೆಲಸದವರೆಲ್ಲ ಹೊಸ ಏಪ್ರನ್ ಕಟ್ಟಿಕೊಂಡು, ಅದರ ಎದೆಯ ಮೇಲೆ ಗಿಳಿಗಳನ್ನು ಅಂಟಿಸಿಕೊಂಡು, ಅವಳತ್ತ ನೋಡಿ ಒಳಗೊಳಗೇ ನಗುತ್ತಿದ್ದರು. ಸಾಣೆಯ ಸಾಲಿಗೆ ಬಂದಾಗ ಅವಳು ನಿಂತಳು. ಪ್ರತಿ ಸಾಣೆಕಲ್ಲಿನ ಬಾಯಿಗೂ ಒಂದು ಅಗಲ ಕೊಳವೆ. ಕಿಡಿ ಹಾರುತ್ತಿತ್ತು, ಧೂಳು ಮಾತ್ರ ಕಾಣುತ್ತಿರಲಿಲ್ಲ. ಎಲ್ಲವನ್ನೂ ಕೊಳವೆ ನುಂಗುತ್ತಿತ್ತು. ಕಲ್ಲಿನ ಮುಂದೆ ಕುಳಿತವನ ಹುಬ್ಬು ಕಪ್ಪಗೇ ಇತ್ತು.

ಸಾಣೆ ಮಾವನ ಹುಬ್ಬು ಬೂದು. ಅವನ ಉಗುಳು ಬೂದು. ಬೆಳಿಗ್ಗೆ ಶೆಡ್ಡಿನ ಹಿಂದಿನ ಚರಂಡಿಯಲ್ಲಿ ಅವನು ಉಗುಳಿದ್ದನ್ನು ಕಂಡು ಅವಳು ಎಷ್ಟೋ ಸಲ ಮುಖ ಸಿಂಡರಿಸಿದ್ದಳು, ನೀರು ಹೊಯ್ಯಿ ಎಂದು ಗದರಿದ್ದಳು. ಅದು ಯಾಕೆ ಬೂದು ಎಂದು ಯೋಚಿಸಿರಲಿಲ್ಲ. ಯೋಚಿಸಿದ್ದರೂ ಮುಂದಿನ ವರ್ಷ ನೋಡೋಣ ಎಂದು ತಳ್ಳಿದ್ದಳು. ಅಷ್ಟು ಹೊತ್ತು ತಮ್ಮನ ಮೇಲೆ, ಆ ನಗುವಿನ ಮೇಲೆ ಇದ್ದ ಹೇಸಿಗೆ ಥಟ್ಟನೆ ತಿರುಗಿ ಅವಳದೇ ಮೈಗೆ ಅಂಟಿತು.

"ಇದು ನನ್ನ ಕಾರ್ಖಾನೆ ಅಲ್ಲ ಅಂತ ಅವರಿಗೆ ಹೇಳಿ" ಎಂದಳು ನಗುಮುಖದವನಿಗೆ.

ಅವನ ನಗು ಒಂಚೂರೂ ಅಲುಗಲಿಲ್ಲ. ಖರೀದಿದಾರನತ್ತ ತಿರುಗಿ ಉದ್ದವಾಗಿ ಏನೋ ಹೇಳಿದ. ಬಿಳಿ ಗಡ್ಡದವನು ತಲೆದೂಗಿ ಅವಳಿಗೆ ಅಭಿನಂದನೆ ಎಂಬಂತೆ ಕೈ ಚಾಚಿದ. ಇವನು ಹೇಳಿದ್ದೇ ಬೇರೆ ಎಂದು ಅವಳಿಗೆ ಗೊತ್ತಾಯಿತು. ಬರುವಷ್ಟು ಪರಭಾಷೆಯಲ್ಲಿ, ತುಂಡು ತುಂಡಾಗಿ, ತಾನೇ ಹೇಳಿದಳು: ಇದು ನನ್ನದಲ್ಲ. ನನ್ನದು ಸಣ್ಣದು. ಬನ್ನಿ, ತೋರಿಸುತ್ತೇನೆ.

ಬಿಳಿ ಗಡ್ಡದವನು ಚಿತ್ರ ತೆಗೆಯುತ್ತಿದ್ದ ಮೊಬೈಲು ಇಳಿಸಿದ. ಆಮೇಲೆ ನಕ್ಕ. ಕೆಟ್ಟ ನಗುವಲ್ಲ, ದಣಿದ ನಗು. ಗೊತ್ತು ಎಂದ. ಎಲ್ಲರೂ ಹೀಗೇ ಮಾಡುತ್ತಾರೆ ಎಂದ. ನನ್ನ ಕಚೇರಿಗೆ ಬೇಕಾದದ್ದು ಚಿತ್ರಗಳು, ಈ ಕೊಳವೆ, ಆ ಬಾಗಿಲು, ಅವರ ಏಪ್ರನ್. ನಿಮ್ಮ ಕತ್ತರಿ ಚೆನ್ನಾಗಿದೆ, ನಿಮ್ಮಲ್ಲೇ ಮಾಡಿ, ಯಾರು ಕೇಳುತ್ತಾರೆ? ಇಷ್ಟನ್ನು ಆತ ನಿಧಾನವಾಗಿ, ಅವಳಿಗೆ ಅರ್ಥವಾಗಲೆಂದು ಬಿಡಿಸಿ ಬಿಡಿಸಿ ಹೇಳಿದ. ಹೇಳುತ್ತಲೇ ಸಾಣೆಯ ಸಾಲಿನ ಇನ್ನೊಂದು ಚಿತ್ರ ತೆಗೆದ.

ಮೋಸ ಹೋಗುವವನಾದರೂ ಒಬ್ಬ ಇರಬೇಕಲ್ಲ. ಅಲ್ಲಿ ಒಬ್ಬನೂ ಇರಲಿಲ್ಲ. ಎಲ್ಲರಿಗೂ ಗೊತ್ತು, ಎಲ್ಲರೂ ನಗುತ್ತಿದ್ದಾರೆ, ನಡುವೆ ಅವಳ ಅಪ್ಪನ ಗಿಳಿಗಳು.

ಅವಳು ಹೊರಗೆ ಬಂದು ಗೇಟಿನ ಬ್ಯಾನರಿನ ಹಗ್ಗ ಬಿಚ್ಚತೊಡಗಿದಳು. ಗಂಟು ಬಿಗಿಯಾಗಿತ್ತು. ಕೈಚೀಲದಿಂದ ಕತ್ತರಿ ತೆಗೆದು ಕತ್ತರಿಸಿದಳು.

ತಮ್ಮ ಓಡಿಬಂದ. "ಹುಚ್ಚು ಹಿಡಿದಿದೆಯಾ ಅಕ್ಕಾ? ಆರ್ಡರ್ ಕೈಗೆ ಬಂದಿದೆ!"

"ಬಾಯಿ ಮುಚ್ಚು. ಮಾವನ ಎದೆ ಚಿತ್ರ ತೆಗೆದು ಕಳಿಸ್ತೀಯಾ ಅವರ ಆಫೀಸಿಗೆ?"

"ಇಷ್ಟು ವರ್ಷ ಆ ಧೂಳು ನಿಂಗೆ ಕಾಣ್ಲಿಲ್ವಾ? ಇವತ್ತೇ ಕಂಡಿದ್ದಾ?"

ಅವಳು ಉಳಿದ ಹಗ್ಗವನ್ನೂ ಕತ್ತರಿಸಿದಳು. ಬ್ಯಾನರನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ಹೆದ್ದಾರಿಯಲ್ಲಿ ಬಸ್ಸು ಹತ್ತಿದಳು. ಅಂಟಿನ ವಾಸನೆ ಹೊಡೆಯುವ ಆ ಬಟ್ಟೆಯನ್ನು ದಾರಿಯುದ್ದಕ್ಕೂ ಮೂಗಿನಿಂದ ದೂರ ಹಿಡಿಯಲು ಹೆಣಗಿದಳು.

ಆರ್ಡರ್ ಹೋಯಿತು. ಶೆಡ್ಡಿಗೆ ಬರುವುದನ್ನು ತಮ್ಮ ಬಿಡಲಿಲ್ಲ, ಮಾತು ಬಿಟ್ಟ. ಬೇಕಾದದ್ದನ್ನು ಸಾಣೆ ಮಾವನ ಮೂಲಕ ಹೇಳಿಸುತ್ತಿದ್ದ. "ಮಾವ, ಉಕ್ಕಿನ ಪಟ್ಟಿ ಬಂದಿದೆ ಅಂತ ಹೇಳು." ಅಕ್ಕ ಎರಡು ಮೊಳ ದೂರದಲ್ಲಿ ನಿಂತಿರುತ್ತಿದ್ದಳು. "ಕೇಳಿಸ್ತು ಅಂತ ಹೇಳಿ ಮಾವ" ಎನ್ನುತ್ತಿದ್ದಳು. ಮಾವ ಇಬ್ಬರಿಗೂ ಕೈ ಮುಗಿದು, "ನನ್ನ ಕಿವಿಗೆ ಬಾಡಿಗೆ ಕೊಡಿ" ಎನ್ನುತ್ತಿದ್ದ.

ಅವಳು ಕೊಳವೆ ಹಾಕಿಸಿದಳು. ಆ ದೊಡ್ಡ ಕಾರ್ಖಾನೆಯಂಥದಲ್ಲ, ಎರಡು ಸಾಣೆಗೆ ಒಂದು ಫ್ಯಾನು, ಹೊರಗೆ ಧೂಳು ತುಂಬುವ ಚೀಲ. ಹಿಂದಿನ ಗೋಡೆ ಒಡೆಸಿ ಇನ್ನೊಂದು ಬಾಗಿಲು ಇಡಿಸಿದಳು. ಫ್ಯಾನು ಶುರುವಾದ ದಿನ ಮಾವ ಸದ್ದಿಗೆ ಗೊಣಗಿದ. ವಾರದ ಮೇಲೆ ಚೀಲ ಬಿಚ್ಚಿ ನೋಡಿ, ಅದರಲ್ಲಿದ್ದ ಬೂದು ಪುಡಿಯನ್ನು ಮುಷ್ಟಿಯಲ್ಲಿ ತೆಗೆದುಕೊಂಡು, "ಇಷ್ಟೂ ನಾನೇ ತಿಂತಾ ಇದ್ನಾ?" ಎಂದ. ಅವಳು ಮುಖ ತಿರುಗಿಸಿಕೊಂಡಳು. ಅವನ ಕೆಮ್ಮು ಕಡಿಮೆಯಾಯಿತೇ ಹೊರತು ಹೋಗಲಿಲ್ಲ. ಹೋಗುವುದಿಲ್ಲ ಎಂದು ವೈದ್ಯರೂ ಹೇಳಿದರು.

ಮುಂದಿನ ವರ್ಷದ ಮೇಳಕ್ಕೆ ಅವಳು ಸ್ಟಾಲ್ ಹಾಕಲಿಲ್ಲ, ನೋಡಲು ಹೋದಳು. ಆ ದೊಡ್ಡ ಕಾರ್ಖಾನೆಯವರ ಸ್ಟಾಲಿನಲ್ಲಿ, ಗಿಡದ ಕತ್ತರಿಗಳ ಪಕ್ಕ, ಗಾಜಿನ ಕಪಾಟಿನೊಳಗೆ ಹೊಸ ದರ್ಜಿ ಕತ್ತರಿ. ಹಿಡಿಯ ಬಾಗು, ತಿರುಪಿನ ಬುಡದ ಉಬ್ಬು, ಎಲ್ಲವೂ ಜೋಡಿಗಿಳಿಯದೇ. ಹೆಸರು ಮಾತ್ರ ಬೇರೆ. ಪಕ್ಕದಲ್ಲಿ ನಗುಮುಖದವನು ಕುಳಿತು ಬಿಸ್ಕತ್ತು ತಿನ್ನುತ್ತಿದ್ದ. ಅವಳನ್ನು ಕಂಡು ಎದ್ದು ನಿಂತ. "ಮೇಡಂ, ಬನ್ನಿ ಬನ್ನಿ, ಚೆನ್ನಾಗಿದ್ದೀರಾ?" ತುಟಿಯ ಮೇಲೆ ಪುಡಿ ಅಂಟಿತ್ತು. ಆ ಪುಡಿಯನ್ನು ಅವಳು ಎಷ್ಟು ಕಾಲವಾದರೂ ಮರೆಯಲಿಲ್ಲ. ಮಾದರಿ ಕೊಟ್ಟದ್ದು ತಾನೇ, ಕೈಯಾರೆ. ಯಾರ ಹತ್ತಿರ ದೂರುವುದು?

ಸಭಾಂಗಣದ ಹೊರಗಿನ ಕಟ್ಟೆಯ ಮೇಲೆ ಆ ನೂಲಿನ ಮುದುಕರು ಬೂಟು ಬಿಚ್ಚಿ ಕಾಲು ಚಾಚಿ ಕುಳಿತಿದ್ದರು.

"ಡಬ್ಬಿ ಬದಲಾಯಿಸಿದ್ಯಾ?" ಎಂದರು ನೋಡಿದ ಕೂಡಲೇ.

"ಇಲ್ಲ."

"ನೋಡ್ದೆ ಒಳಗೆ. ನಿನ್ನ ಕತ್ತರಿ ಕದ್ದಿದ್ದಾರೆ. ಆಕಾರ ಕದ್ದಿದ್ದಾರೆ, ಕಚ್ಚು ಬಂದಿಲ್ಲ. ನಾಲ್ಕು ಪದರಕ್ಕೆ ಬಟ್ಟೆ ಜಾರತ್ತೆ. ನಿನ್ನ ಶೆಡ್ಡೆಲ್ಲಿದೆ?"

ಮೇಳ ಮುಗಿದ ವಾರದೊಳಗೆ, ಫೋನು ಕೂಡ ಮಾಡದೆ ಬಂದುಬಿಟ್ಟರು. ಕಿಟಕಿಯ ಅಂಚಿಗೆ ಬೆರಳು ಎಳೆದು ನೋಡಿದರು. ಧೂಳಿನ ಚೀಲ ಬಿಚ್ಚಿಸಿದರು. ಕತ್ತರಿಗಳ ರಾಶಿಯಿಂದ ಕಣ್ಣು ಮುಚ್ಚಿ ಒಂದೊಂದೇ ಎತ್ತಿಕೊಂಡು ಬಟ್ಟೆ ಕತ್ತರಿಸಿದರು. ಎರಡನ್ನು ಪಕ್ಕಕ್ಕೆ ಎಸೆದರು. ಸಾಣೆ ಮಾವ ಆ ಎರಡನ್ನು ಎತ್ತಿಕೊಂಡು, ಬೆಳಕಿಗೆ ಹಿಡಿದು ನೋಡಿ, ಸಾಣೆಗೆ ಹೋದ.

ಆಮೇಲೆ ವ್ಯವಹಾರ. ನಮ್ಮ ಕಡೆಯ ಜಿಲ್ಲೆಗಳಲ್ಲಿ ನನ್ನೊಬ್ಬನಿಗೇ ಮಾಲು, ಬೇರೆಯವರಿಗೆ ಕೊಡಕೂಡದು ಎಂದರು ಮುದುಕರು.

"ಕೊಡಲ್ಲ" ಎಂದಳು ಅವಳು. "ಆದ್ರೆ ತಿಂಗಳಿಗೆ ಇಷ್ಟು ಅಂತ ನೀವು ಎತ್ತಲೇಬೇಕು. ಎರಡು ತಿಂಗಳು ತಪ್ಪಿದ್ರೆ ನಾನು ಯಾರಿಗೆ ಬೇಕಾದ್ರೂ ಮಾರ್ತೀನಿ."

"ನಾಲಿಗೆಗೂ ಸಾಣೆ ಹಿಡಿಸಿದ್ದೀಯ."

"ಡಬ್ಬಿ?" ಎಂದು ಬಾಗಿಲ ಹತ್ತಿರದಿಂದ ತಮ್ಮ ಕೇಳಿದ. ಎಷ್ಟೋ ತಿಂಗಳ ಮೇಲೆ ಮಾವನ ಕಿವಿಯನ್ನು ದಾಟಿ ಬಂದ ಮಾತು ಅದು.

"ಎಣ್ಣೆ ಸವರಿ, ಮೇಣದ ಕಾಗದದಲ್ಲಿ ಸುತ್ತು. ಒಳಗೆ ತೇವ ಹೀರೋ ಪೊಟ್ಟಣ ಒಂದು. ನಾನು ಹೊರದೇಶಕ್ಕೆ ನೂಲು, ಗುಂಡಿ ಕಳಿಸೋ ಕಂಟೇನರಲ್ಲಿ ಯಾವಾಗ್ಲೂ ಸ್ವಲ್ಪ ಜಾಗ ಉಳಿಯತ್ತೆ. ಅಲ್ಲಿ ನಿನ್ನ ಪೆಟ್ಟಿಗೆ ತುಂಬ್ತೀನಿ. ತುಕ್ಕು ಹಿಡಿದು ವಾಪಸ್ ಬಂದ್ರೆ ನಿನ್ನ ತಲೆ ಮೇಲೇ ಸುರೀತೀನಿ."

ಹೀಗೆ ಜೋಡಿಗಿಳಿ ಹಡಗು ಹತ್ತಿತು, ನೂಲಿನ ಉಂಡೆಗಳ ನಡುವೆ, ಇನ್ನೊಬ್ಬರ ಕಂಟೇನರಿನ ಮೂಲೆಯಲ್ಲಿ. ಬಹಳವೇನಲ್ಲ. ಕಳ್ಳ ಕತ್ತರಿಯೂ ಹೋಗುತ್ತಲೇ ಇದೆ, ಇವಳದಕ್ಕಿಂತ ಹೆಚ್ಚೇ ಹೋಗುತ್ತದೆ. ಆ ಮಾತು ಬಂದರೆ ಅವಳು ಈಗಲೂ ಎದ್ದು ಹೋಗುತ್ತಾಳೆ. ಆದರೂ ಪ್ರತಿ ವರ್ಷ ಮೇಳಕ್ಕೆ ಹೋಗುತ್ತಾಳೆ, ಸಣ್ಣದೊಂದು ಸ್ಟಾಲ್ ಹಾಕುತ್ತಾಳೆ. ಕತ್ತರಿಯನ್ನು ಮೇಜಿಗೆ ಸರಪಳಿಯಿಂದ ಕಟ್ಟಿರುತ್ತಾಳೆ. ಚಿತ್ರ ತೆಗೆಯಲು ಬಂದವರಿಗೆ ಬೆನ್ನು ತೋರಿಸುತ್ತಾಳೆ. ಮಾದರಿ ಕೇಳಿದವರಿಗೆ ಬೆಲೆ ಹೇಳುತ್ತಾಳೆ. ಬಟ್ಟೆ ತುಂಡು ಜೇಬಿನಲ್ಲಿಟ್ಟುಕೊಂಡು ಬಂದವರಿಗೆ ಮಾತ್ರ ಕುರ್ಚಿ ಕೊಡುತ್ತಾಳೆ. ಅಂಥವರು ಮೇಳಕ್ಕೆ ಒಬ್ಬರೋ ಇಬ್ಬರೋ.

ಈಚೆಗೆ ನೂಲಿನ ಮುದುಕರ ಜೊತೆ ಹೊರದೇಶದ ಒಬ್ಬ ಅಂಗಡಿಯವಳು ಶೆಡ್ಡಿಗೇ ಬಂದಿದ್ದಳು. ದರ್ಜಿ ಸಾಮಾನಿನ ಅಂಗಡಿ ಅವಳದು. ಬಾಗಿಲಲ್ಲೇ ತಡೆದು ಮೂಗಿಗೆ ಮುಸುಕು ಕಟ್ಟಿಸಿ ಒಳಗೆ ಬಿಟ್ಟರು. ಆಕೆ ಚಿತ್ರ ತೆಗೆಯಲಿಲ್ಲ, ಮೋಟು ಸ್ಟೂಲಿನ ಮೇಲೆ ಕುಳಿತು ಕತ್ತರಿ ಎತ್ತಿಕೊಂಡಳು, ಎಡಗೈಯಲ್ಲಿ. ಎರಡು ಸಲ ಕತ್ತರಿಸಿ, ಅಂಗೈಗೆ ಒತ್ತುತ್ತಿದ್ದ ಹಿಡಿಯನ್ನು ತೋರಿಸಿ, ಎಡಗೈಯವರಿಗೆ ಬೇರೆ ಮಾಡುವುದಿಲ್ಲವೇ ಎಂದು ಕೇಳಿದಳು.

"ಆಗಲ್ಲ" ಎಂದ ಸಾಣೆ ಮಾವ. "ಅಲಗು ಅದಲು ಬದಲು ಆಗ್ಬೇಕು, ಸಾಣೆ ತಿರುಗು ಮುರುಗು ಹಿಡೀಬೇಕು."

"ಅಂದ್ರೆ ಆಗತ್ತೆ" ಎಂದ ತಮ್ಮ.

"ನೀನು ಹಿಡೀತೀಯೇನೋ?"

ಅಕ್ಕ ಆ ಹೆಂಗಸಿನ ಎಡಗೈಯನ್ನು ತನ್ನ ಕೈಗೆ ತೆಗೆದುಕೊಂಡು, ಹೆಬ್ಬೆರಳ ಬುಡದಲ್ಲಿ ಕೆಂಪಾದ ಗೆರೆಯನ್ನು ನೋಡುತ್ತಿದ್ದಳು. ಆಕೆಯ ಅಂಗೈ ಬೆವರಿತ್ತು. ಇವಳು ಕೈ ಬಿಡಲಿಲ್ಲ, ಒರೆಸಿಕೊಳ್ಳಲೂ ಇಲ್ಲ. "ಮಾವ, ಒಂದು ತುಂಡು ಸೀಮೆಸುಣ್ಣ ಕೊಡಿ" ಎಂದು ಹೇಳಿ, ಆ ಕೈಯನ್ನು ಮೇಜಿನ ಮೇಲೆ ಮಲಗಿಸಿ, ಬೆರಳುಗಳ ಸುತ್ತ ಗೆರೆ ಎಳೆಯತೊಡಗಿದಳು.